ಒಬ್ಬನೇ ಮನುಷ್ಯ, ಮೂರು ನಕ್ಷೆಗಳು

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಪದವಿ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕಿಯಾಗಿದ್ದಾಳೆ. ಕೆಲವು ವಾರಗಳ ಹಿಂದೆ ದೂರವಾಣಿ ಮಾಡಿ, "ಸಾರ್, ನಮ್ಮ ಹುಡುಗರಿಗೆ ಅಂಕಿ ಅಂಶ ಕೊಟ್ಟು ಚಿತ್ರ ಬರೆಯಿರಿ ಎಂದರೆ ಕಂಪ್ಯೂಟರಿನಲ್ಲಿ ಯಾವ ಚಿತ್ರ ಚೆಂದ ಕಾಣುತ್ತದೋ ಅದನ್ನು ಒತ್ತಿಬಿಡುತ್ತಾರೆ. ಕಂಬ ಯಾವಾಗ, ಗೆರೆ ಯಾವಾಗ, ವೃತ್ತ ಯಾವಾಗ ಎಂದು ಒಂದು ಪಾಠ ಮಾಡಿಕೊಡಿ" ಎಂದು ಕೇಳಿದಳು. ನಾನು ಸಂಖ್ಯಾಶಾಸ್ತ್ರದವನಲ್ಲ, ಸಮಾಜ ವಿಜ್ಞಾನದ ಮೇಷ್ಟರು. ಆದ್ದರಿಂದ ಪಾಠವನ್ನು ಇತಿಹಾಸದ ದಾರಿಯಲ್ಲೇ ಮಾಡಿದೆ. ಅಂದು ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಇಂದು ನಾವು ಪತ್ರಿಕೆಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಕಾಣುವ ರೇಖಾನಕ್ಷೆ, ಸ್ತಂಭನಕ್ಷೆ, ಪೈ ನಕ್ಷೆ ಈ ಮೂರನ್ನೂ ಅಂಕಿ ಅಂಶಗಳ ಲೋಕಕ್ಕೆ ತಂದವನೆಂಬ ಕೀರ್ತಿ ಒಬ್ಬನೇ ಮನುಷ್ಯನಿಗೆ ಸಲ್ಲುತ್ತದೆ. ಅವನ ಹೆಸರು ವಿಲಿಯಂ ಪ್ಲೇಫೇರ್. ಹುಟ್ಟಿದ್ದು 1759ರಲ್ಲಿ, ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡದ್ದರಿಂದ ಅಣ್ಣ ಜಾನ್ ಪ್ಲೇಫೇರನೇ ಅವನಿಗೆ ಗುರುವಾದ. ಈ ಜಾನ್ ಮುಂದೆ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕನಾದವನು. ಅಣ್ಣ ತಮ್ಮನಿಗೆ ಒಂದು ಅಭ್ಯಾಸ ಹಚ್ಚಿದ್ದ. ಪ್ರತಿದಿನ ಉಷ್ಣಮಾಪಕವನ್ನು ನೋಡಿ, ಬಂದ ಅಂಕಿಯನ್ನು ಅಳತೆ ಗುರುತು ಹಾಕಿದ ಕಾಗದದ ಮೇಲೆ ಗೆರೆಯಾಗಿ ಎಳೆದಿಡಬೇಕು. ಸಂಖ್ಯೆಯನ್ನು ಉದ್ದವನ್ನಾಗಿ ಮಾಡಬಹುದೆಂಬುದನ್ನು ತನಗೆ ಕಲಿಸಿದವನು ಅಣ್ಣನೇ ಎಂದು ವಿಲಿಯಂ ಕೊನೆಯವರೆಗೂ ನೆನೆಯುತ್ತಿದ್ದ. ಅನಂತರ ಆತ ಉಗಿಯಂತ್ರದ ಜೇಮ್ಸ್ ವಾಟ್‌ನ ಬಳಿ ಬರ್ಮಿಂಗ್‌ಹ್ಯಾಮಿನಲ್ಲಿ ನಕ್ಷೆಗಾರನಾಗಿ ದುಡಿದ. ಹೀಗೆ ಅಣ್ಣನಿಂದ ಅಳತೆಯೂ ವಾಟ್‌ನ ಕಾರ್ಖಾನೆಯಿಂದ ಗೆರೆ ಎಳೆಯುವ ಕೈಯೂ ಅವನಿಗೆ ದಕ್ಕಿದವು. ಉಳಿದ ಬಾಳು ಅಷ್ಟು ನೇರವಾಗಿರಲಿಲ್ಲ. ಹಲವು ವ್ಯಾಪಾರಗಳಿಗೆ ಕೈಹಾಕಿ ಕೈಸುಟ್ಟುಕೊಂಡ, ಸಾಲದ ಕಾರಣ ಸೆರೆಮನೆಯನ್ನೂ ಕಂಡ. ಅದು ಬೇರೆಯೇ ಕಥೆ, ಇರಲಿ.

1786ರಲ್ಲಿ ಪ್ಲೇಫೇರ್ 'ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್' ಎಂಬ ಪುಸ್ತಕವನ್ನು ಪ್ರಕಟಿಸಿದ. ಹೆಸರು ಅಟ್ಲಾಸ್ ಆದರೂ ಅದರಲ್ಲಿ ದೇಶದ ಭೂಪಟ ಒಂದೂ ಇಲ್ಲ. ತಾಮ್ರದ ಫಲಕಗಳಲ್ಲಿ ಕೊರೆದು ಅಚ್ಚು ಹಾಕಿ, ಕೈಯಿಂದ ಬಣ್ಣ ತುಂಬಿದ 44 ನಕ್ಷೆಗಳಿದ್ದವು. ಅವುಗಳಲ್ಲಿ 43 ಕಾಲದೊಂದಿಗೆ ಸಾಗುವ ನಕ್ಷೆಗಳು. ಅಡ್ಡಲಾಗಿ ವರ್ಷಗಳು, ಲಂಬವಾಗಿ ಹಣ. ಇಂಗ್ಲೆಂಡು ಇಂಥ ದೇಶದಿಂದ ವರ್ಷವರ್ಷವೂ ಎಷ್ಟು ಸರಕು ತರಿಸಿಕೊಂಡಿತು, ಎಷ್ಟು ಕಳುಹಿಸಿತು ಎಂಬುದಕ್ಕೆ ಎರಡು ಗೆರೆಗಳು.

ಹಣವನ್ನು ಎತ್ತರವಾಗಿ ತೋರಿಸುವುದೆಂದರೇನು ಎಂದು ಅಂದಿನ ಓದುಗರಿಗೆ ಅರ್ಥಮಾಡಿಸಲು ಪ್ಲೇಫೇರ್ ಒಂದು ಉಪಮಾನ ಕೊಡುತ್ತಾನೆ. ಅಂಗಡಿಯವನೊಬ್ಬ ದಿನವೂ ಸಂಜೆ ಆ ದಿನದ ಸಂಪಾದನೆಯ ಚಿನ್ನದ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಾನೆ ಎಂದುಕೊಳ್ಳಿ. ಮರುದಿನದ ರಾಶಿ ಅದರ ಪಕ್ಕದಲ್ಲಿ, ಅದರ ಮರುದಿನದ್ದು ಅದರ ಪಕ್ಕದಲ್ಲಿ. ಸ್ವಲ್ಪ ಕಾಲದ ಮೇಲೆ ಆ ರಾಶಿಗಳ ಸಾಲನ್ನು ನೋಡಿದರೆ ಲೆಕ್ಕದ ಪುಸ್ತಕ ತೆರೆಯದೆಯೇ ವ್ಯಾಪಾರದ ಏರಿಳಿತ ಕಣ್ಣಿಗೆ ಕಾಣುತ್ತದೆ. ಆ ರಾಶಿಗಳ ತುದಿಗಳನ್ನು ಜೋಡಿಸಿದರೆ ಅದೇ ರೇಖಾನಕ್ಷೆ. ಈ ಉಪಮಾನವನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗ, "ಹಾಗಾದರೆ ರಾಶಿಗಳನ್ನು ಅದಲುಬದಲು ಮಾಡುವಂತಿಲ್ಲ ಅಲ್ಲವೇ ಸಾರ್?" ಎಂದ. ಒಳ್ಳೆಯ ಪ್ರಶ್ನೆ. ಸೋಮವಾರದ ಮುಂದೆ ಮಂಗಳವಾರವೇ ಬರಬೇಕು. ಕ್ರಮ ತಪ್ಪಿದರೆ ಏರಿಳಿತಕ್ಕೆ ಅರ್ಥವೇ ಇರುವುದಿಲ್ಲ. ಎರಡು ಬಿಂದುಗಳ ನಡುವೆ ಗೆರೆ ಎಳೆಯುವುದೆಂದರೆ ಇಲ್ಲಿಂದ ಅಲ್ಲಿಗೆ ಒಂದು ನಡಿಗೆ ಇದೆ ಎಂದು ಹೇಳಿದಂತೆ. ಆ ನಡಿಗೆ ನಿಜವಾಗಿಯೂ ಇರುವಲ್ಲಿ ಮಾತ್ರ ಗೆರೆ ಸಲ್ಲುತ್ತದೆ.

ಆ ಅಟ್ಲಾಸಿನಲ್ಲಿ ನಮಗೆ ಸಂಬಂಧಪಟ್ಟ ನಕ್ಷೆಯೊಂದಿದೆ. ಪೂರ್ವದೇಶಗಳೊಂದಿಗೆ, ಎಂದರೆ ಮುಖ್ಯವಾಗಿ ಈಸ್ಟ್ ಇಂಡಿಯಾ ಕಂಪನಿಯ ಮೂಲಕ, 1700ರಿಂದ 1780ರವರೆಗೆ ಇಂಗ್ಲೆಂಡು ನಡೆಸಿದ ವ್ಯಾಪಾರದ ಚಿತ್ರವದು. ಆಮದಿನ ಗೆರೆ ಮೇಲೆ, ರಫ್ತಿನ ಗೆರೆ ಕೆಳಗೆ. ಇಂಗ್ಲೆಂಡು ಕಳುಹಿಸಿದ್ದಕ್ಕಿಂತ ತರಿಸಿಕೊಂಡದ್ದೇ ಹೆಚ್ಚು. ಈ ನಕ್ಷೆ ಇನ್ನೊಂದು ಕಾರಣಕ್ಕೂ ಪ್ರಸಿದ್ಧ. 1984ರಲ್ಲಿ ಅಮೆರಿಕದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು, ನಕ್ಷೆಗಳನ್ನು ನೋಡುವಾಗ ಮನುಷ್ಯರ ಕಣ್ಣು ಎಲ್ಲಿ ಮೋಸಹೋಗುತ್ತದೆ ಎಂಬುದನ್ನು ಪ್ರಯೋಗ ಮಾಡಿ ತಿಳಿದರು. ಅವರು ಉದಾಹರಣೆಯಾಗಿ ತೋರಿಸಿದ್ದು ಇದೇ ನಕ್ಷೆಯನ್ನು. 1760ರ ಆಸುಪಾಸಿನಲ್ಲಿ ಎರಡು ಗೆರೆಗಳೂ ಒಟ್ಟಿಗೆ ಕಡಿದಾಗಿ ಮೇಲೇರುತ್ತವೆ. ನೋಡಿದವರಿಗೆ ಅವುಗಳ ನಡುವಿನ ಅಂತರದಲ್ಲಿ ಅಲ್ಲಿ ವಿಶೇಷವೇನೂ ನಡೆದಂತೆ ಕಾಣುವುದಿಲ್ಲ. ಆದರೆ ಆಮದಿನಿಂದ ರಫ್ತನ್ನು ಕಳೆದು ಉಳಿದ ಅಂಕಿಯನ್ನೇ ಬೇರೆ ಗೆರೆಯಾಗಿ ಬರೆದರೆ, ಸರಿಯಾಗಿ ಅಲ್ಲಿಯೇ ಒಂದು ದಿಬ್ಬ ಎದ್ದು ಕಾಣುತ್ತದೆ.

ಇದೇಕೆ ಹೀಗೆ? ಎರಡು ಗೆರೆಗಳ ಅಂತರವನ್ನು ನೇರ ಮೇಲೆ ಕೆಳಗಾಗಿ ಅಳೆಯಬೇಕು, ಏಕೆಂದರೆ ಒಂದೇ ವರ್ಷದ ಆಮದು ರಫ್ತುಗಳು ಒಂದರ ನೇರ ಕೆಳಗೆ ಒಂದಿರುತ್ತವೆ. ಕಣ್ಣು ಹಾಗೆ ಅಳೆಯುವುದಿಲ್ಲ. ಓರೆಯಾಗಿ ಏರುವ ಎರಡು ಗೆರೆಗಳ ನಡುವೆ ಅತಿ ಹತ್ತಿರದ ದೂರವನ್ನೇ ಅದು ಹಿಡಿಯುತ್ತದೆ. ಘಟ್ಟದ ರಸ್ತೆಯ ಅಗಲವನ್ನು ನೋಡುವಂತೆಯೇ. ಇದನ್ನು ಪರೀಕ್ಷಿಸಲು ಯಂತ್ರ ಬೇಕಾಗಿಲ್ಲ. ಒಂದು ಕಾಗದದ ಪಟ್ಟಿಯನ್ನು ಒಂದು ವರ್ಷದ ಮೇಲೆ ನೆಟ್ಟಗೆ ನಿಲ್ಲಿಸಿ, ಎರಡೂ ಗೆರೆಗಳು ಪಟ್ಟಿಯನ್ನು ಮುಟ್ಟುವಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಅದೇ ಪಟ್ಟಿಯನ್ನು ಹತ್ತು ವರ್ಷ ಮುಂದಕ್ಕೆ ಸರಿಸಿ ನೋಡಿ. ವಿದ್ಯಾರ್ಥಿಗಳು ಒಮ್ಮೆ ಹೀಗೆ ಮಾಡಿದ ಮೇಲೆ, ಅಂತರವೇ ಮುಖ್ಯವಾದಲ್ಲಿ ಅಂತರವನ್ನೇ ಕಳೆದು ಬರೆಯಬೇಕು ಎಂಬುದನ್ನು ಬಾಯಿಪಾಠ ಮಾಡಿಸಬೇಕಾಗಲಿಲ್ಲ.

ಇತಿಹಾಸದ ಮೇಷ್ಟರಾಗಿ ಇಲ್ಲಿ ಒಂದು ಮಾತು ಸೇರಿಸದೆ ಮುಂದೆ ಹೋಗಲಾರೆ. ಪ್ಲಾಸಿ ಕದನ ನಡೆದದ್ದು 1757ರಲ್ಲಿ. ಬಂಗಾಳದ ದಿವಾನಿ ಕಂಪನಿಯ ಕೈಸೇರಿದ್ದು 1765ರಲ್ಲಿ. ಅನಂತರ ಕಂಪನಿಯು ಬಂಗಾಳದ ರೈತರಿಂದ ವಸೂಲಾದ ಕಂದಾಯದಿಂದಲೇ ಬಂಗಾಳದ ಸರಕನ್ನು ಕೊಂಡು ಹಡಗಿಗೇರಿಸತೊಡಗಿತು. ಆ ನಕ್ಷೆಯಲ್ಲಿ ಆಮದಿನ ಗೆರೆ ಮೇಲಿದ್ದುದನ್ನು ಕಂಡು ಭಾರತಕ್ಕೆ ಲಾಭವಾಗುತ್ತಿತ್ತೆಂದು ಯಾರಾದರೂ ತಿಳಿದರೆ ಗೆರೆಯ ತಪ್ಪಲ್ಲ. ಸರಕಿನ ಬೆಲೆಯನ್ನು ಗೆರೆ ತೋರಿಸುತ್ತದೆ, ಆ ಬೆಲೆಯನ್ನು ಯಾರ ಚೀಲದಿಂದ ತೆತ್ತರು ಎಂಬುದನ್ನು ತೋರಿಸುವುದಿಲ್ಲ.

ರೇಖಾನಕ್ಷೆಯಲ್ಲಿ ಇಂದಿನ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ. ಈಗಿನ ಕರ್ನಾಟಕದ ಗಡಿಯೊಳಗಿನ ಜನಸಂಖ್ಯೆಯನ್ನು ತೆಗೆದುಕೊಳ್ಳೋಣ. 1901ರಲ್ಲಿ 1.31 ಕೋಟಿ, 1951ರಲ್ಲಿ 1.94 ಕೋಟಿ, 1961ರಲ್ಲಿ 2.36 ಕೋಟಿ. ಈ ಮೂರು ಅಂಕಿಗಳನ್ನು ಎಕ್ಸೆಲ್‌ನಲ್ಲಿ ತುಂಬಿ ಲೈನ್ ಚಾರ್ಟ್ ಒತ್ತಿದರೆ, ಅದು ವರ್ಷಗಳನ್ನು ಬರಿಯ ಹೆಸರುಗಳೆಂದು ಬಗೆದು ಸಮ ಅಂತರದಲ್ಲಿ ಕೂರಿಸಿಬಿಡುತ್ತದೆ. ಮೊದಲ ತುಂಡಿನಲ್ಲಿ 63 ಲಕ್ಷದ ಏರಿಕೆ, ಎರಡನೆಯದರಲ್ಲಿ 42 ಲಕ್ಷ. ಹೀಗಾಗಿ ಚಿತ್ರದಲ್ಲಿ ಮೊದಲ ತುಂಡೇ ಹೆಚ್ಚು ಕಡಿದಾಗಿ ಕಾಣುತ್ತದೆ. ವಾಸ್ತವವಾಗಿ ಮೊದಲನೆಯದು ಐವತ್ತು ವರ್ಷದ ಏರಿಕೆ, ದಶಕಕ್ಕೆ ಸರಾಸರಿ 13 ಲಕ್ಷವೂ ಇಲ್ಲ. ಎರಡನೆಯದು ಒಂದೇ ದಶಕದ್ದು. ಸತ್ಯ ತಲೆಕೆಳಗಾಯಿತು. ಅದೇ ತಂತ್ರಾಂಶದಲ್ಲಿ ಸ್ಕ್ಯಾಟರ್ ಎಂಬ ಬಗೆಯನ್ನು ಆರಿಸಿದರೆ ವರ್ಷಗಳು ತಮ್ಮ ತಮ್ಮ ದೂರಕ್ಕೆ ತಕ್ಕಂತೆ ಕೂರುತ್ತವೆ. ಆಗಲೂ 1901ಕ್ಕೂ 1951ಕ್ಕೂ ನಡುವಿನ ನೇರ ಗೆರೆಯನ್ನು ಪೂರ್ತಿ ನಂಬುವಂತಿಲ್ಲ. 1911ರಿಂದ 1921ಕ್ಕೆ ನಮ್ಮ ಜನಸಂಖ್ಯೆ ಏರಲೇ ಇಲ್ಲ, ತುಸು ಇಳಿಯಿತು. 1918ರ ಇನ್‌ಫ್ಲುಯೆಂಜಾ ಆ ದಶಕದಲ್ಲಿದೆ. ನಮ್ಮ ಅಜ್ಜಿಯಂದಿರು 'ಆ ಜ್ವರದ ವರ್ಷ' ಎನ್ನುತ್ತಿದ್ದದ್ದು ಅದನ್ನೇ.

ಇನ್ನು ಸ್ತಂಭನಕ್ಷೆಯ ಮಾತು. 44ರಲ್ಲಿ 43 ಎಂದೆನಲ್ಲ, ಉಳಿದ ಒಂದೇ ನಕ್ಷೆ ಸ್ಕಾಟ್ಲೆಂಡಿನದು. ತನ್ನ ತಾಯ್ನಾಡಿನ ವ್ಯಾಪಾರವನ್ನೂ ಗೆರೆಯಾಗಿ ಬರೆಯಬೇಕೆಂಬುದು ಪ್ಲೇಫೇರನ ಆಸೆ. ಆದರೆ ಹಿಂದಿನ ವರ್ಷಗಳ ಲೆಕ್ಕ ಸಿಗಲಿಲ್ಲ. 1780ರ ಕ್ರಿಸ್‌ಮಸ್‌ನಿಂದ 1781ರ ಕ್ರಿಸ್‌ಮಸ್‌ವರೆಗಿನ ಒಂದೇ ಒಂದು ವರ್ಷದ ಅಂಕಿಗಳು ಅವನ ಕೈಯಲ್ಲಿದ್ದವು. ಒಂದು ವರ್ಷದ ಮೇಲೆ ಗೆರೆ ಎಳೆಯುವುದು ಹೇಗೆ? ಆತ ಕಾಲವನ್ನು ಕೈಬಿಟ್ಟು, ಆ ಜಾಗದಲ್ಲಿ ಸ್ಕಾಟ್ಲೆಂಡು ವ್ಯಾಪಾರ ಮಾಡುತ್ತಿದ್ದ ಐರ್ಲೆಂಡು, ರಷ್ಯಾ, ಅಮೆರಿಕ ಮೊದಲಾದ 17 ನಾಡುಗಳ ಹೆಸರುಗಳನ್ನು ಬರೆದು, ಪ್ರತಿಯೊಂದರ ಎದುರಿಗೂ ಆಮದಿಗೊಂದು ರಫ್ತಿಗೊಂದು ಅಡ್ಡ ಪಟ್ಟಿ ಎಳೆದ. ಸ್ತಂಭನಕ್ಷೆ ಹುಟ್ಟಿದ್ದು ಹೀಗೆ, ಅಂಕಿಯ ಕೊರತೆಯಿಂದ. ಸ್ವತಃ ಪ್ಲೇಫೇರನಿಗೆ ಅದರ ಮೇಲೆ ಅಷ್ಟು ಗೌರವವಿರಲಿಲ್ಲ. ಕಾಲವನ್ನು ಒಳಗೊಳ್ಳದ ಕಾರಣ ಇದು ಉಳಿದ ನಕ್ಷೆಗಳಿಗಿಂತ ಕಡಿಮೆ ಪ್ರಯೋಜನದ್ದು ಎಂದೇ ಬರೆದ. ಲೋಕ ಅವನ ಮಾತನ್ನು ಕೇಳಲಿಲ್ಲ.

ಆತ ಕೀಳೆಂದು ಬಗೆದ ಆ ನಕ್ಷೆಯಲ್ಲಿಯೂ ಎರಡು ಸಂಗತಿಗಳನ್ನು ಸರಿಯಾಗಿಯೇ ಮಾಡಿದ್ದ. ಐರ್ಲೆಂಡು, ರಷ್ಯಾ ಎಂಬ ಹೆಸರುಗಳಿಗೆ ಸೋಮವಾರ ಮಂಗಳವಾರಗಳಂತೆ ಸಹಜವಾದ ಕ್ರಮವಿಲ್ಲ. ಆದ್ದರಿಂದ ಅವುಗಳ ತುದಿಗಳನ್ನು ಗೆರೆಯಿಂದ ಜೋಡಿಸಲಿಲ್ಲ, ಸರಿಸುಮಾರು ಸಣ್ಣದರಿಂದ ದೊಡ್ಡದಕ್ಕೆ ಇಳಿಯುವಂತೆ ತಾನೇ ಒಂದು ಕ್ರಮ ಕೊಟ್ಟ. ಮೇಲೆ ಚೋಟುದ್ದದ ಪಟ್ಟಿಗಳು, ತಳದಲ್ಲಿ ಉದ್ದನೆಯ ಐರ್ಲೆಂಡು. ಎರಡನೆಯದಾಗಿ, ಪಟ್ಟಿಗಳೆಲ್ಲ ಸೊನ್ನೆಯಿಂದ ಹೊರಡುತ್ತವೆ.

ಈ ಸೊನ್ನೆಯ ಮಾತನ್ನು ನಮ್ಮದೇ ಉದಾಹರಣೆಯಿಂದ ಹೇಳುತ್ತೇನೆ. 2011ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡ ಜಿಲ್ಲೆಯ ಸಾಕ್ಷರತೆ ಶೇಕಡ 88.57, ಯಾದಗಿರಿಯದು ಶೇಕಡ 51.83. ಇದು ದೊಡ್ಡ ಅಂತರ, ದುಃಖದ ಅಂತರ. ಸೊನ್ನೆಯಿಂದ ಕಂಬ ನಿಲ್ಲಿಸಿದರೆ ಯಾದಗಿರಿಯ ಕಂಬ ದಕ್ಷಿಣ ಕನ್ನಡದ್ದರ ಅರ್ಧಕ್ಕಿಂತ ಸ್ವಲ್ಪ ಎತ್ತರವಾಗಿರುತ್ತದೆ. ಆದರೆ ಜಾಗ ಉಳಿಸಲೆಂದು ಯಾರಾದರೂ ಅಳತೆಯನ್ನು 50ರಿಂದ ಆರಂಭಿಸಿದರೆ, ಒಂದು ಕಂಬದ ಎತ್ತರ 38.57, ಇನ್ನೊಂದರದು 1.83. ಇಪ್ಪತ್ತೊಂದು ಪಟ್ಟು! ಯಾದಗಿರಿಯಲ್ಲಿ ಓದುಬಲ್ಲವರೇ ಇಲ್ಲವೆಂಬಂತೆ ಚಿತ್ರ ಸುಳ್ಳು ಹೇಳುತ್ತದೆ. ಕಂಬದಲ್ಲಿ ನಾವು ಓದುವುದು ಅದರ ಉದ್ದವನ್ನು, ಬುಡ ಕಡಿದ ಮೇಲೆ ಉದ್ದಕ್ಕೆ ಅರ್ಥವಿಲ್ಲ. ಗೆರೆಗೆ ಈ ಕಟ್ಟುಪಾಡು ಇಷ್ಟು ಬಿಗಿಯಾಗಿಲ್ಲ, ಅಲ್ಲಿ ನಾವು ನೋಡುವುದು ಏರಿಳಿತವನ್ನು. ಜ್ವರ ಬಂದವರ ಉಷ್ಣತೆಯ ಪಟ್ಟಿಯನ್ನು ಯಾವ ವೈದ್ಯರೂ ಸೊನ್ನೆಯಿಂದ ಬರೆಯುವುದಿಲ್ಲ.

ಮೂರನೆಯ ನಕ್ಷೆಗೆ ಹದಿನೈದು ವರ್ಷ ಕಾಯಬೇಕಾಯಿತು. 1801ರಲ್ಲಿ ಪ್ಲೇಫೇರ್ 'ಸ್ಟ್ಯಾಟಿಸ್ಟಿಕಲ್ ಬ್ರೀವಿಯರಿ' ಎಂಬ ಪುಸ್ತಕ ತಂದ. ಯೂರೋಪಿನ ದೇಶಗಳ ವಿಸ್ತೀರ್ಣವನ್ನು ಅದರಲ್ಲಿ ವೃತ್ತಗಳಾಗಿ ತೋರಿಸಿದ. ಹಿಂದೂಸ್ತಾನದ ಆಳುವ ಶಕ್ತಿಗಳ ಬಗೆಗೂ ಅದಕ್ಕೊಂದು ಭಾಗವನ್ನು ಸೇರಿಸಿದ್ದ. ಶ್ರೀರಂಗಪಟ್ಟಣ ಬಿದ್ದು ಆಗ ಎರಡೇ ವರ್ಷ. ಲಂಡನ್ನಿನ ಓದುಗರಿಗೆ ಆ ಕುತೂಹಲ ಸಹಜವೇ. ಆ ವೃತ್ತಗಳಲ್ಲಿ ತುರ್ಕಿ ಸಾಮ್ರಾಜ್ಯದ್ದು ಅವನಿಗೆ ತೊಡಕಾಯಿತು, ಏಕೆಂದರೆ ಅದು ಏಷ್ಯಾ, ಯೂರೋಪ್, ಆಫ್ರಿಕಾ ಮೂರು ಖಂಡಗಳಲ್ಲಿಯೂ ಹರಡಿತ್ತು. ಆಗ ಆತ ವೃತ್ತವನ್ನು ಕೇಂದ್ರದಿಂದ ಮೂರು ತುಂಡಾಗಿ ಸೀಳಿ, ಮೂರಕ್ಕೂ ಬೇರೆ ಬೇರೆ ಬಣ್ಣ ಬಳಿದ. ಅದೇ ಮೊದಲ ಪೈ ನಕ್ಷೆ. ಪೈ ಎಂಬ ಹೆಸರು ಆಮೇಲೆ ಬಂದದ್ದು. ನಮ್ಮ ಮಕ್ಕಳಲ್ಲಿ ಬಹುಪಾಲು ಅದನ್ನು 22/7ರ ಪೈ ಎಂದೇ ತಿಳಿದಿರುತ್ತಾರೆ. ಅಲ್ಲ, ಅದು ಇಂಗ್ಲಿಷರ ಒಂದು ತಿಂಡಿ. ಹೋಳಿಗೆಯನ್ನು ನಾಲ್ಕು ಪಾಲು ಮಾಡಿದಂತೆ ಎಂದು ನಾವು ಹೇಳಿಕೊಂಡರಾಯಿತು.

ತುರ್ಕಿಯ ವೃತ್ತ ಒಪ್ಪುವುದೇಕೆಂದರೆ ಅಲ್ಲಿ ಒಂದು ಇಡೀ ವಸ್ತುವಿದೆ, ಮೂರು ಪಾಲು ಸೇರಿದರೆ ಅದೇ ಇಡಿಯಾಗುತ್ತದೆ. ಈಗ ಸಾಕ್ಷರತೆಗೆ ಮರಳೋಣ. ದಕ್ಷಿಣ ಕನ್ನಡ, ಬೆಂಗಳೂರು, ಉಡುಪಿ, ರಾಯಚೂರು, ಯಾದಗಿರಿ ಈ ಐದು ಜಿಲ್ಲೆಗಳ ಶೇಕಡಾವಾರನ್ನು ಒಬ್ಬ ವಿದ್ಯಾರ್ಥಿ ಪೈ ನಕ್ಷೆಗೆ ಹಾಕಿದ್ದ. 88.57, 87.67, 86.24, 59.56, 51.83. ಕಂಪ್ಯೂಟರು ತಕರಾರಿಲ್ಲದೆ ಎಲ್ಲವನ್ನೂ ಕೂಡಿ 373.87 ಮಾಡಿಕೊಂಡು, ದಕ್ಷಿಣ ಕನ್ನಡಕ್ಕೆ ಶೇಕಡ 23.7, ಯಾದಗಿರಿಗೆ ಶೇಕಡ 13.9 ಎಂದು ಬರೆದುಕೊಟ್ಟಿತ್ತು. ಯಾವುದರಲ್ಲಿ 23.7 ಎಂದು ಕೇಳಿದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಯಾವುದರಲ್ಲೂ ಅಲ್ಲ ಸಾರ್" ಎಂದಳು. ಪೈ ನಕ್ಷೆಗೆ ಇರುವ ಪರೀಕ್ಷೆ ಇಷ್ಟೇ. ಪಾಲುಗಳನ್ನು ಕೂಡಿದಾಗ ಬರುವ ಮೊತ್ತಕ್ಕೆ ಒಂದು ಹೆಸರಿದೆಯೇ? ಇಲ್ಲವೆಂದರೆ ವೃತ್ತ ಬೇಡ, ಕಂಬ ಸಾಕು.

ಹೆಸರಿದ್ದರೂ ವೃತ್ತಕ್ಕೆ ಮಿತಿಯಿದೆ. 1805ರಲ್ಲಿ ಪ್ಲೇಫೇರನೇ ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಿಸ್ತೀರ್ಣವನ್ನು ಒಂದು ವೃತ್ತದಲ್ಲಿ ಹಂಚಿ ತೋರಿಸಿದ. ಹದಿನೈದಕ್ಕೂ ಹೆಚ್ಚು ತುಂಡುಗಳು, ಚಿಕ್ಕ ರಾಜ್ಯಗಳಿಗೆ ಬರಿಯ ಎಳೆಯಷ್ಟು ಜಾಗ. ತುರ್ಕಿಯ ಮೂರು ಪಾಲುಗಳನ್ನು ಒಂದೇ ನೋಟಕ್ಕೆ ಓದಬಹುದು, ಇದನ್ನು ಪಕ್ಕದಲ್ಲಿ ಬರೆದ ಅಂಕಿ ನೋಡಿಯೇ ತಿಳಿಯಬೇಕು. ನಾನು ಆಗಲೇ ಹೇಳಿದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್‌ರ ಪ್ರಯೋಗದಲ್ಲಿ, ಒಂದೇ ಅಳತೆಗೆರೆಯ ಮೇಲಿನ ಎತ್ತರಗಳನ್ನು ಹೋಲಿಸುವಾಗ ಆಗುವ ತಪ್ಪಿಗಿಂತ ಕೋನಗಳನ್ನು ಹೋಲಿಸುವಾಗ ಆಗುವ ತಪ್ಪು ಸುಮಾರು ಎರಡರಷ್ಟಿತ್ತು.

ಕೊನೆಯಲ್ಲಿ ಒಂದು ಕಗ್ಗಂಟಿನ ಲೆಕ್ಕ ಕೊಟ್ಟೆ. ಕರ್ನಾಟಕದ ಜನರಲ್ಲಿ ನಗರವಾಸಿಗಳ ಪಾಲು 1961ರಲ್ಲಿ ಶೇಕಡ 22.33, 1971ರಲ್ಲಿ 24.31, 1981ರಲ್ಲಿ 28.89, 1991ರಲ್ಲಿ 30.92, 2001ರಲ್ಲಿ 33.99, 2011ರಲ್ಲಿ 38.67. ಇಲ್ಲಿ ಇಡಿಯೂ ಇದೆ, ಕಾಲವೂ ಇದೆ. ಅರ್ಧ ತರಗತಿ ಆರು ಪೈ ನಕ್ಷೆ ಬರೆಯಿತು, ಇನ್ನರ್ಧ ಒಂದೇ ಗೆರೆ. ಪೈ ಬರೆದವರಿಗೆ ಲೆಕ್ಕ ಸರಿಯಾಗಿತ್ತು. ಕೋನಮಾಪಕ ಹಿಡಿದು 2001ಕ್ಕೆ 122 ಡಿಗ್ರಿ, 2011ಕ್ಕೆ 139 ಡಿಗ್ರಿ ಎಂದು ಅಚ್ಚುಕಟ್ಟಾಗಿ ಅಳೆದಿದ್ದರು. 2011ರ ವೃತ್ತವೊಂದನ್ನೇ ನೋಡಿದರೆ, ಐದು ಜನರಲ್ಲಿ ಇಬ್ಬರು ಪೇಟೆಯವರು ಎಂಬುದು ಬೇರೆ ಯಾವ ಚಿತ್ರಕ್ಕಿಂತ ಬೇಗ ತಿಳಿಯುತ್ತಿತ್ತು. ಅದನ್ನು ಒಪ್ಪಿದೆ. ಆದರೆ ಆರು ವೃತ್ತಗಳನ್ನೂ ಗೋಡೆಗೆ ಅಂಟಿಸಿ, ಯಾವ ದಶಕದಲ್ಲಿ ಜನ ಹೆಚ್ಚು ವೇಗವಾಗಿ ಪೇಟೆಯವರಾದರು ಎಂದು ಕೇಳಿದಾಗ, ವೃತ್ತದಿಂದ ವೃತ್ತಕ್ಕೆ ಕಣ್ಣು ಓಡಿಸಿದರೇ ಹೊರತು ಯಾರಿಗೂ ಹೇಳಲಾಗಲಿಲ್ಲ. ಗೆರೆ ಬರೆದವರು ಕಾಗದ ಎತ್ತಿ ಹಿಡಿದರು. 1971ರಿಂದ 81ರವರೆಗೆ ಒಂದು ಕಡಿದಾದ ಏರು, ಆಮೇಲೆ ನಿಧಾನ, ಮತ್ತೆ 2001ರಿಂದ 2011ರವರೆಗೆ ಇನ್ನೊಂದು ಏರು. ಎರಡು ಏರುಗಳೂ ಹೆಚ್ಚುಕಡಿಮೆ ಸಮ, ಮೊದಲನೆಯದು 4.58, ಎರಡನೆಯದು 4.68. ಎರಡನೆಯ ಏರಿಗೆ ಕಾರಣವೇನೆಂದು ಕೇಳಿದರೆ ಎಲ್ಲರೂ ಒಂದೇ ಕೊರಳಿನಲ್ಲಿ ಬೆಂಗಳೂರು ಎಂದರು. ಮೊದಲನೆಯದಕ್ಕೆ ಏನು ಕಾರಣವಿರಬಹುದು ಎಂದು ಮನೆಯಲ್ಲಿ ಹಿರಿಯರನ್ನು ಕೇಳಿಕೊಂಡು ಬನ್ನಿ ಎಂದು ಹೇಳಿ ಕಳುಹಿಸಿದೆ.